ತಪ್ಪೇ ಸಿಗದ ತಪಾಸಣೆ: ಒಂದು ರಜೆ ನಿಯಮಾವಳಿಯ ಹಿಮ್ಮುಖ ಅನುವಾದ

ಕಾಸರಗೋಡು ಜಿಲ್ಲೆಯ ಉತ್ತರದಲ್ಲಿ, ಕುಂಬಳೆಯಿಂದ ಸೀತಾಂಗೋಳಿಗೆ ಹೋಗುವ ದಾರಿಯಲ್ಲಿ, ಮಸಾಲೆ ಪುಡಿ ಮತ್ತು ಉಪ್ಪಿನಕಾಯಿ ತಯಾರಿಸುವ ಒಂದು ಘಟಕ ಇದೆ. ಹೆಸರು ಇಲ್ಲಿ ಬೇಡ. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ಬದಿಯಡ್ಕ, ಪೈವಳಿಕೆ, ಮಂಜೇಶ್ವರ ಕಡೆಯಿಂದ ಬಸ್ಸಲ್ಲಿ ಬರುತ್ತಾರೆ. ಮನೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಹೀಗೆ ಒಂದೊಂದು ಮನೆಗೆ ಒಂದೊಂದು. ಓದಲಿಕ್ಕೆ ಕೆಲವರಿಗೆ ಕನ್ನಡ, ಕೆಲವರಿಗೆ ಮಲಯಾಳ. ಕಂಪೆನಿಯ ಮುಖ್ಯ ಕಚೇರಿ ಎರ್ನಾಕುಳಂನಲ್ಲಿದೆ. ನಿಯಮಗಳೆಲ್ಲ ಅಲ್ಲಿ ಇಂಗ್ಲಿಷಿನಲ್ಲಿ ತಯಾರಾಗುತ್ತವೆ. ಈ ಘಟಕಕ್ಕೆ ಬರುವಾಗ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಎಂಬಂತೆ ಎರಡು ಕಾಲಂನಲ್ಲಿ ಅಚ್ಚಾಗಿ ಬರುತ್ತವೆ. ಮಲಯಾಳ ಪ್ರತಿ ಬೇರೆ.

ಗಲಾಟೆ ಎದ್ದದ್ದು ರಜೆ ಮತ್ತು ಹಾಜರಿ ನಿಯಮಾವಳಿಯ ಮೇಲೆ. ಪ್ಯಾಕಿಂಗ್ ವಿಭಾಗದ ಒಬ್ಬರು ಅಣ್ಣನ ಮಗಳ ಮದುವೆಗೆ ಸತತ ನಾಲ್ಕು ದಿನ ಸಾಂದರ್ಭಿಕ ರಜೆ ಹಾಕಿದ್ದರು. ನಾಲ್ಕನೇ ದಿನದ ಸಂಬಳ ಕಡಿತ ಆಯಿತು. ಒಮ್ಮೆಗೆ ಮೂರು ದಿನಕ್ಕಿಂತ ಜಾಸ್ತಿ ಸಾಂದರ್ಭಿಕ ರಜೆ ಇಲ್ಲ ಎಂಬುದು ಕಂಪೆನಿಯ ನಿಯಮ. ಅವರು ಗೋಡೆಯ ಮೇಲಿದ್ದ ಕನ್ನಡ ಕಾಲಂನ ಸಾಲಿಗೆ ಬೆರಳಿಟ್ಟು ಸೂಪರ್‌ವೈಸರ್ ಹತ್ತಿರ ಕೇಳಿದರು: "ಇದರಲ್ಲಿ ಹಾಕಬಾರದು ಅಂತ ಎಲ್ಲಿದೆ ಸಾರ್? ಬೇಕಾದರೆ ಹಾಕಬಹುದು, ಬೇಡದಿದ್ದರೆ ಬಿಡಬಹುದು ಅಂತ ಅಲ್ವಾ ಇರೋದು?"

ಸಾಲು ಹೀಗಿತ್ತು: "ಉದ್ಯೋಗಿಯು ಒಮ್ಮೆಗೆ ಮೂರು ದಿನಗಳಿಗಿಂತ ಹೆಚ್ಚು ಸಾಂದರ್ಭಿಕ ರಜೆಯನ್ನು ತೆಗೆದುಕೊಳ್ಳದೇ ಇರಬಹುದು."

ಅವರು ಓದಿದ್ದು ಸರಿಯಾಗಿಯೇ ಇತ್ತು. ಕನ್ನಡ ಬಲ್ಲ ಯಾರೇ ಓದಿದರೂ ಅದರ ಅರ್ಥ ಅಷ್ಟೇ. ಆದರೆ ನಿಯಮಾವಳಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಎರಡು ಭಾಷೆಗಳ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂದು. ಅಂದರೆ ಕೆಲಸದವರು ಓದುವುದು ಒಂದು ಕಾಲಂ, ಸಂಬಳ ಕಡಿತ ಆಗುವುದು ಇನ್ನೊಂದು ಕಾಲಂ ನೋಡಿ. ಇಂಥ ಸಾಲು ಇರುವ ಯಾವುದೇ ಕಾಗದದಲ್ಲಿ ಅನುವಾದದ ತಪ್ಪಿಗೆ ದುಡ್ಡು ತೆರುವವರು ಅನುವಾದವನ್ನು ನಂಬಿದವರೇ.

ಕನ್ನಡ ಪಾಠವನ್ನು ಪೂರ್ತಿ ನೋಡಿಕೊಡಿ ಎಂದು ಘಟಕದ ವ್ಯವಸ್ಥಾಪಕರು ನನ್ನನ್ನು ಕರೆದದ್ದು ಆಗ. ಜೊತೆಗೆ ಅವರು ಒಂದು ಹಾಳೆಯನ್ನೂ ತೋರಿಸಿದರು. ನಿಯಮಾವಳಿ ಗೋಡೆಗೆ ಬರುವ ಮೊದಲೇ ಅದಕ್ಕೆ ಬ್ಯಾಕ್ ಟ್ರಾನ್ಸ್‌ಲೇಶನ್, ಅಂದರೆ ಹಿಮ್ಮುಖ ಅನುವಾದ ಆಗಿತ್ತು. ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹೋಲಿಸಿದ್ದರು. ಹಾಳೆಯಲ್ಲಿ ಬರೆದದ್ದು ಒಂದೇ ಸಾಲು: ವ್ಯತ್ಯಾಸ ಇಲ್ಲ.

ವ್ಯತ್ಯಾಸ ಯಾಕೆ ಕಾಣಲಿಲ್ಲ

ಆ ಹಿಮ್ಮುಖ ಅನುವಾದ ಮಾಡಿದವರು ಅದೇ ಕಂಪೆನಿಯ ಎಚ್‌ಆರ್ ವಿಭಾಗದ ಯುವಕ. ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಬರುತ್ತದೆ. ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದರು. ತೊಂದರೆ ಇದ್ದದ್ದು ಅವರಿಗೆ ನಿಯಮ ಮೊದಲೇ ಗೊತ್ತಿದ್ದದ್ದರಲ್ಲಿ. ರಜೆ ಅರ್ಜಿಗಳನ್ನು ದಿನಾ ನೋಡುವವರು ಅವರು. ಕನ್ನಡ ವಾಕ್ಯ ಎಷ್ಟೇ ಎಡವಟ್ಟಾಗಿದ್ದರೂ ಅದು ಏನು ಹೇಳಹೊರಟಿದೆ ಎಂದು ಅವರಿಗೆ ಗೊತ್ತು. ಹಾಗಾಗಿ ಓದುವಾಗಲೇ ಮನಸ್ಸು ಅದನ್ನು ಸರಿಮಾಡಿಕೊಂಡು ಬಿಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಸರಿಯಾದ ನಿಯಮವೇ ಕಾಗದದ ಮೇಲೆ ಬರುತ್ತದೆ.

ಇದು ಹೊಸದಾಗಿ ಕಂಡುಹಿಡಿದ ವಿಷಯ ಅಲ್ಲ. ಹಿಮ್ಮುಖ ಅನುವಾದವನ್ನು ಸಂಶೋಧನೆಯ ಪದ್ಧತಿಯಾಗಿ ಬೆಳೆಸಿದವರಲ್ಲಿ ರಿಚರ್ಡ್ ಬ್ರಿಸ್ಲಿನ್ ಮುಖ್ಯರು. 1970ರ ತಮ್ಮ ಲೇಖನದಲ್ಲೇ ಅವರು ಎಚ್ಚರಿಕೆ ಕೊಟ್ಟಿದ್ದರು. ಅನುವಾದ ಕೆಟ್ಟದಾಗಿದ್ದರೂ ಹಿಮ್ಮುಖ ಅನುವಾದ ಚೆನ್ನಾಗಿ ಕಾಣುವುದಕ್ಕೆ ಅವರು ಮೂರು ಕಾರಣ ಕೊಡುತ್ತಾರೆ. ಇಬ್ಬರು ಅನುವಾದಕರೂ ಕೆಲವು ಪದಗಳಿಗೆ ಒಂದೇ ಸಿದ್ಧ ಜೋಡಿಯನ್ನು ಇಟ್ಟುಕೊಂಡಿರಬಹುದು. ಹಿಂದಕ್ಕೆ ತಿರುಗಿಸುವವರು ಕೆಟ್ಟ ವಾಕ್ಯದಿಂದಲೂ ಅರ್ಥ ಹೊರಡಿಸಬಹುದು. ಮೊದಲ ಅನುವಾದಕರು ಮೂಲ ಭಾಷೆಯ ವಾಕ್ಯದ ಕಟ್ಟನ್ನೇ ಹಾಗೇ ಇಟ್ಟಿದ್ದರೆ, ಅದನ್ನು ಹಿಂದಕ್ಕೆ ತಿರುಗಿಸುವುದು ಬಹಳ ಸುಲಭ ಆಗಬಹುದು. ನಮ್ಮ ಹಾಳೆಯಲ್ಲಿ ಮೂರೂ ಇದ್ದವು.

ಆ ರಜೆಯ ಸಾಲಿನಲ್ಲಿ ನಾಲ್ಕನೆಯ ಒಂದು ಕಾರಣವೂ ಸೇರಿಕೊಂಡಿತ್ತು. ಅದಕ್ಕೆ ನಾನು ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಇಂಗ್ಲಿಷ್ ಮೂಲದಲ್ಲಿ ಇದ್ದದ್ದು 'ಮೇ ನಾಟ್'. ಇಂಗ್ಲಿಷಿನಲ್ಲಿ ಈ ಎರಡು ಪದಕ್ಕೆ ಎರಡು ಅರ್ಥ ಇದೆ. ಒಂದು, ಮಾಡುವಂತಿಲ್ಲ. ಇನ್ನೊಂದು, ಮಾಡದೇ ಇರಬಹುದು. ನಿಯಮದಲ್ಲಿ ಬೇಕಾಗಿದ್ದದ್ದು ಮೊದಲನೆಯದು. ಅನುವಾದಕರು ತೆಗೆದುಕೊಂಡದ್ದು ಎರಡನೆಯದು. ಈಗ ಆ ತಪ್ಪು ಕನ್ನಡ ವಾಕ್ಯವನ್ನು ಒಬ್ಬರು ಪೂರ್ತಿ ಪ್ರಾಮಾಣಿಕವಾಗಿ, ಏನನ್ನೂ ಸರಿಪಡಿಸದೆ ಇಂಗ್ಲಿಷಿಗೆ ತಿರುಗಿಸಿದರೂ ಬರುವುದು 'ಮೇ ನಾಟ್' ಎಂದೇ! ಮೂಲದ ಅಕ್ಷರಕ್ಕೆ ಅಕ್ಷರ ತಾಳೆ ಆಗುತ್ತದೆ. ಹೋಲಿಸುವವರು ಸರಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ತಪ್ಪು ಇದ್ದದ್ದು ಕನ್ನಡದಲ್ಲಿ, ಅದನ್ನು ಮುಚ್ಚಿಟ್ಟದ್ದು ಇಂಗ್ಲಿಷ್. ಹಿಮ್ಮುಖ ಅನುವಾದ ಬಂದು ಸೇರುವ ಭಾಷೆಯಲ್ಲೇ ಗೊಂದಲ ಇದ್ದರೆ, ಎಷ್ಟು ಸಲ ತಿರುಗಿಸಿದರೂ ಅಲ್ಲಿ ಏನೂ ಕಾಣುವುದಿಲ್ಲ.

ಎರಡನೇ ಸಲ ಮಾಡಿದ ರೀತಿ

ಹೊಸ ತಪಾಸಣೆಗೆ ಕಂಪೆನಿಯ ಹೊರಗಿನ ಇಬ್ಬರನ್ನು ಆರಿಸಿದೆವು. ಒಬ್ಬರು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ಟ್ರು. ಇನ್ನೊಬ್ಬರು ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮಲಯಾಳ ಮಾಧ್ಯಮದಲ್ಲಿ ಓದಿದ ಯುವತಿ. ಈಗ ಖಾಸಗಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ. ಆರೋಗ್ಯ ಪ್ರಶ್ನಾವಳಿಗಳ ಅನುವಾದಕ್ಕೆ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಹಿಂದಕ್ಕೆ ತಿರುಗಿಸಲು ಇಬ್ಬರು ಬೇಕು, ಅವರಿಗೆ ಮೂಲ ಗೊತ್ತಿರಬಾರದು, ಆ ವಿಷಯದ ಹಿನ್ನೆಲೆಯೂ ಇರಬಾರದು ಎಂದಿದೆ. ಅಲ್ಲಿ ಇಬ್ಬರ ಮಾತೃಭಾಷೆಯೂ ಮೂಲದ ಭಾಷೆಯೇ ಆಗಿರಬೇಕು ಎಂದೂ ಇದೆ. ಕನ್ನಡ ಓದಬಲ್ಲ, ಇಂಗ್ಲಿಷ್ ಮಾತೃಭಾಷೆಯ ಜನರನ್ನು ಕುಂಬಳೆಯಲ್ಲಿ ಹುಡುಕುವುದು ಆಗದ ಮಾತು. ಹಾಗಾಗಿ ಆ ಒಂದು ಷರತ್ತನ್ನು ಬಿಟ್ಟೆವು. ಬಿಟ್ಟದ್ದನ್ನು ವರದಿಯಲ್ಲಿ ಬರೆದೆವು.

ಇಬ್ಬರಿಗೂ ಕೊಟ್ಟದ್ದು ಬರೀ ಕನ್ನಡ ಕಾಲಂ. ಇಂಗ್ಲಿಷ್ ಇಲ್ಲ, ಪದಪಟ್ಟಿ ಇಲ್ಲ, ಕಂಪೆನಿ ಯಾವುದೆಂಬ ಸುಳಿವೂ ಇಲ್ಲ. ಒಬ್ಬರ ಕೆಲಸ ಇನ್ನೊಬ್ಬರಿಗೆ ತೋರಿಸಲಿಲ್ಲ. ಜೊತೆಗೆ ಮೂರು ಸೂಚನೆ ಕೊಟ್ಟೆವು.

ಮೊದಲನೆಯದು, ಸರಿಪಡಿಸಬೇಡಿ. ಕನ್ನಡ ವಾಕ್ಯ ವಿಚಿತ್ರವಾಗಿದ್ದರೆ ಇಂಗ್ಲಿಷೂ ವಿಚಿತ್ರವಾಗಿಯೇ ಬರಲಿ. ಎರಡನೆಯದು, ಊಹೆ ಮಾಡಿದ ಕಡೆ ಪ್ರಶ್ನೆ ಗುರುತು ಹಾಕಿ. ಎರಡು ಅರ್ಥ ಹೊಳೆದರೆ ಎರಡನ್ನೂ ಬರೆಯಿರಿ. ಮೂರನೆಯದು ಮೇಲಿನ ಕಾರಣಕ್ಕಾಗಿ: ಇಂಗ್ಲಿಷಿನ 'ಮೇ' ಎಂಬ ಪದವನ್ನು ಎಲ್ಲಿಯೂ ಬಳಸಬೇಡಿ. ಅದರ ಬದಲು ಅನುಮತಿ ಇದೆ, ಅನುಮತಿ ಇಲ್ಲ, ಹಾಗೆ ಆಗುವ ಸಾಧ್ಯತೆ ಇದೆ, ಕಡ್ಡಾಯ ಎಂಬ ನಾಲ್ಕರಲ್ಲಿ ಒಂದನ್ನು ಬಿಡಿಸಿ ಬರೆಯಿರಿ. ಮಾಸ್ಟ್ರಿಗೆ ಇದು ಮೊದಲು ಸರಿ ಕಾಣಲಿಲ್ಲ. "ಇಂಗ್ಲಿಷ್ ಚಂದ ಆಗುದಿಲ್ಲ ಮಾರಾಯ್ರೆ" ಎಂದರು. ಚಂದ ಆಗಬೇಕಾಗಿಲ್ಲ ಎಂದು ಒಪ್ಪಿಸಿದೆವು. ಈ ಇಂಗ್ಲಿಷನ್ನು ಯಾರೂ ಅಚ್ಚು ಹಾಕುವುದಿಲ್ಲ. ಕನ್ನಡದ ಒಳಗೆ ಏನಿದೆ ಎಂದು ನೋಡುವುದಕ್ಕೆ ಮಾತ್ರ ಅದು ಬೇಕು.

ಇಬ್ಬರದ್ದೂ ಬಂದ ಮೇಲೆ ಒಂದು ಪಟ್ಟಿ ಮಾಡಿದೆ. ಮೂಲ, ಮಾಸ್ಟ್ರ ಪಾಠ, ಬ್ಯಾಂಕಿನವರ ಪಾಠ, ಕೊನೆಗೆ ವ್ಯತ್ಯಾಸದ ಬಗೆ. ಬಗೆ ನಾಲ್ಕು. ಕನ್ನಡ ಅನುವಾದದ ತಪ್ಪು, ಹಿಂದಕ್ಕೆ ತಿರುಗಿಸಿದವರ ತಪ್ಪು, ಮೂಲ ಇಂಗ್ಲಿಷಿನದ್ದೇ ಗೊಂದಲ, ಮತ್ತೆ ಸುಮ್ನೆ ಮಾತಿನ ವ್ಯತ್ಯಾಸ. ಕೊನೆಯ ಬಗೆಯದ್ದೇ ಯಾವಾಗಲೂ ಜಾಸ್ತಿ. 'ಸಲ್ಲಿಸು' ಎಂಬುದು ಒಬ್ಬರಲ್ಲಿ ಒಂದು ಪದ, ಇನ್ನೊಬ್ಬರಲ್ಲಿ ಇನ್ನೊಂದು. ಅವುಗಳ ಹಿಂದೆ ಹೋದರೆ ದಿನ ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ.

ಆದರೆ ಅಲ್ಲಿಯೂ ಒಂದು ಕಡೆ ನಿಲ್ಲಬೇಕಾಯಿತು. ಮೂಲದಲ್ಲಿ ಉದ್ದಕ್ಕೂ ಒಂದೇ ಇಂಗ್ಲಿಷ್ ಪದ ಇದ್ದಲ್ಲಿ ಕನ್ನಡದಲ್ಲಿ 'ಉದ್ಯೋಗಿ', 'ಕಾರ್ಮಿಕ', 'ಸಿಬ್ಬಂದಿ' ಎಂದು ಮೂರು ಪದ ಬಂದಿದ್ದವು. ಕಥೆಯಲ್ಲಾದರೆ ಪದ ಬದಲಾಯಿಸುವುದು ಒಳ್ಳೆಯದೇ. ನಿಯಮದಲ್ಲಿ ಹಾಗಲ್ಲ. ಇಬ್ಬರ ಪಾಠದಲ್ಲೂ ಅವು ಮೂರು ಬೇರೆ ಬೇರೆ ಇಂಗ್ಲಿಷ್ ಪದಗಳಾಗಿ ಹಿಂದೆ ಬಂದವು. ಈ ಘಟಕದಲ್ಲಿ 'ಸ್ಟಾಫ್' ಎಂದರೆ ಕಚೇರಿಯವರು, 'ಕಾರ್ಮಿಕರು' ಎಂದರೆ ಒಳಗೆ ಕೆಲಸ ಮಾಡುವವರು. ಅರ್ಧ ದಿನದ ರಜೆಯ ಸಾಲಿನಲ್ಲಿ 'ಸಿಬ್ಬಂದಿ' ಎಂದಿತ್ತು. ಅದು ತಮಗಲ್ಲ ಎಂದುಕೊಂಡು ಪ್ಯಾಕಿಂಗ್‌ನವರು ಅರ್ಧ ದಿನದ ರಜೆಯನ್ನು ಕೇಳುತ್ತಲೇ ಇರಲಿಲ್ಲ ಎಂದು ವಿಚಾರಿಸಿದಾಗ ಗೊತ್ತಾಯಿತು. ಎಲ್ಲ ಕಡೆ 'ಉದ್ಯೋಗಿ' ಎಂದು ಮಾಡಿ, ಮೊದಲ ಪುಟದಲ್ಲೇ ಇದು ಎಲ್ಲರಿಗೂ ಅನ್ವಯ ಎಂದು ಬರೆಸಿದೆವು.

ಸಾಂದರ್ಭಿಕ ರಜೆಯ ಸಾಲು ಈ ಸಲ ತಕ್ಷಣ ಸಿಕ್ಕಿತು. 'ಮೇ' ಬಳಸುವಂತಿಲ್ಲವಾದ್ದರಿಂದ, ಹೆಚ್ಚು ದಿನ ತೆಗೆದುಕೊಳ್ಳದೇ ಇರಲು ಉದ್ಯೋಗಿಗೆ ಅನುಮತಿ ಇದೆ ಎಂದು ಮಾಸ್ಟ್ರು ಬರೆದಿದ್ದರು, ಪಕ್ಕದಲ್ಲಿ ಪ್ರಶ್ನೆ ಗುರುತಿನ ಜೊತೆ. ಬ್ಯಾಂಕಿನವರ ಪಾಠ, ತೆಗೆದುಕೊಳ್ಳದೇ ಇರುವ ಸಾಧ್ಯತೆ ಇದೆ ಎಂದು. ಎರಡರಲ್ಲೂ ನಿಷೇಧ ಇಲ್ಲ. ಹೊಸ ಸಾಲು: "ಒಮ್ಮೆಗೆ ಮೂರು ದಿನಕ್ಕಿಂತ ಹೆಚ್ಚು ಸಾಂದರ್ಭಿಕ ರಜೆ ತೆಗೆದುಕೊಳ್ಳುವಂತಿಲ್ಲ."

ಇಂಥ ಒಂದು ತಪ್ಪು ಸಿಕ್ಕಿದರೆ ಅದೊಂದನ್ನೇ ತಿದ್ದಿ ಬಿಡಬಾರದು. ಇಂಗ್ಲಿಷ್ ಕಡತದಲ್ಲಿ 'ಮೇ ನಾಟ್' ಇರುವ ಜಾಗ ಎಲ್ಲವನ್ನೂ ಹುಡುಕಿ ನೋಡಿದೆವು. ಹೆಚ್ಚಿನ ಕಡೆ ಅದೇ ತಪ್ಪು. ಒಂದು ಕಡೆ ಮಾತ್ರ ಹಳೆಯ ಕನ್ನಡವೇ ಸರಿಯಿತ್ತು. ಓಣಂ, ದೀಪಾವಳಿಯಂಥ ಹಬ್ಬದ ಸಮಯದಲ್ಲಿ ಎಲ್ಲರ ರಜೆ ಅರ್ಜಿಯನ್ನೂ ಒಪ್ಪಲು ಕಂಪೆನಿಗೆ "ಸಾಧ್ಯವಾಗದೇ ಇರಬಹುದು" ಎಂಬ ಸಾಲು ಅದು. ಕಂಪ್ಯೂಟರಿನಲ್ಲಿ ಒಟ್ಟಿಗೇ ಎಲ್ಲವನ್ನೂ ಬದಲಾಯಿಸಿದ್ದರೆ, ಹಬ್ಬದ ರಜೆ ಒಪ್ಪುವಂತಿಲ್ಲ ಎಂಬ ಹೊಸ ನಿಯಮ ಹುಟ್ಟುತ್ತಿತ್ತು.

ತಪ್ಪು ಎಂದು ತಳ್ಳಿಹಾಕಲು ಹೊರಟಿದ್ದ ಒಂದು ಸಾಲು

ಇಡೀ ಪಟ್ಟಿಯಲ್ಲಿ ಹೆಚ್ಚು ಚರ್ಚೆ ಆದದ್ದು ಕೆಲಸ ಬಿಡುವವರ ನೋಟಿಸ್ ಕುರಿತ ಸಾಲಿನ ಮೇಲೆ. ಕನ್ನಡದಲ್ಲಿ ಹೀಗಿತ್ತು: "ನೋಟಿಸ್ ಅವಧಿಯಲ್ಲಿ ರಜೆ ಪಡೆದಲ್ಲಿ ಅಷ್ಟು ದಿನಗಳಷ್ಟು ಅವಧಿಯನ್ನು ವಿಸ್ತರಿಸಲಾಗುವುದು."

ಮೂಲಕ್ಕೆ ಇದು ಸರಿಯಾದ ಅನುವಾದ. ಮಾಸ್ಟ್ರು ಸರಿಯಾಗಿ ಹಿಂದಕ್ಕೆ ತಿರುಗಿಸಿದ್ದರು. ನೋಟಿಸಿನ ಕಾಲದಲ್ಲಿ ರಜೆ ಹಾಕಿದರೆ, ಅಷ್ಟು ದಿನ ಹೆಚ್ಚು ಕೆಲಸ ಮಾಡಿ ಹೋಗಬೇಕು. ಬ್ಯಾಂಕಿನವರ ಪಾಠ ಪೂರ್ತಿ ಬೇರೆ ಇತ್ತು. ಅಷ್ಟು ದಿನ ರಜೆಯನ್ನು ಮುಂದುವರಿಸಿ ಕೊಡಲಾಗುತ್ತದೆ ಎಂದು ಅವರು ಬರೆದಿದ್ದರು. ಒಂದರಲ್ಲಿ ಉದ್ಯೋಗಿಗೆ ಹೊರೆ, ಇನ್ನೊಂದರಲ್ಲಿ ಸೌಲಭ್ಯ.

ಕಾರಣ ಕಾಸರಗೋಡಿನವರಿಗೆ ಬೇಗ ಹೊಳೆಯುತ್ತದೆ. ಮಲಯಾಳದಲ್ಲಿ 'ಅವಧಿ' ಅಂದರೆ ದಿನನಿತ್ಯದ ಮಾತಿನಲ್ಲಿ ರಜೆ. ಶಾಲೆಗೆ ರಜೆ ಇದ್ದರೂ 'ಅವಧಿ', ಬ್ಯಾಂಕಿಗೆ ರಜೆ ಇದ್ದರೂ 'ಅವಧಿ'. ಹನ್ನೆರಡು ವರ್ಷ ಮಲಯಾಳದಲ್ಲಿ ಓದಿದವರ ಕಣ್ಣಿಗೆ, ಅದೂ ರಜೆ ನಿಯಮಾವಳಿಯೊಳಗೆ, ಆ ಪದ ಬಿದ್ದರೆ ಮೊದಲು ಹೊಳೆಯುವ ಅರ್ಥ ಅದೇ.

ಎರ್ನಾಕುಳಂನಿಂದ ಫೋನಿನಲ್ಲಿದ್ದವರ ಅಭಿಪ್ರಾಯ ಸರಳ ಇತ್ತು. ಇದು ಹಿಂದಕ್ಕೆ ತಿರುಗಿಸಿದವರ ತಪ್ಪು, ಕನ್ನಡ ಸರಿ ಇದೆ, ಹಾಗೇ ಬಿಡಿ. ಸಾಮಾನ್ಯ ಪದ್ಧತಿಯೂ ಅದೇ. ವ್ಯತ್ಯಾಸ ಬಂದರೆ ತಪ್ಪು ಯಾರದ್ದು ಎಂದು ನೋಡುವುದು, ಹಿಂದಕ್ಕೆ ತಿರುಗಿಸಿದವರದ್ದಾದರೆ ಆ ಸಾಲನ್ನು ಹೊಡೆದು ಹಾಕುವುದು. ನಾನು ಒಪ್ಪಲಿಲ್ಲ. ಬೆಂಗಳೂರಿನ ಕಂಪೆನಿ ಆಗಿದ್ದರೆ ನಾನೂ ಹೊಡೆದು ಹಾಕುತ್ತಿದ್ದೆ. ಇಲ್ಲಿ ಆ ಯುವತಿ ಓದಿದ ಹಾಗೆಯೇ ಓದುವವರು ಪ್ಯಾಕಿಂಗ್ ವಿಭಾಗದಲ್ಲೇ ಇದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಅಂಥವರು ಅಲ್ಲಿ ಒಬ್ಬಿಬ್ಬರಲ್ಲ. ಅನುವಾದಕಿಯಾಗಿ ಅವರದ್ದು ತಪ್ಪು ಇರಬಹುದು. ಓದುಗಳಾಗಿ ಅವರು ಕೊಟ್ಟ ಸಾಕ್ಷಿ ಸರಿ.

ಬದಲಾದ ಸಾಲು: "ನೋಟಿಸ್ ಕೊಟ್ಟ ಮೇಲೆ ರಜೆ ಹಾಕಿದರೆ, ಎಷ್ಟು ದಿನ ರಜೆ ಹಾಕಿದ್ದೀರೋ ಅಷ್ಟು ದಿನ ಹೆಚ್ಚು ಕೆಲಸ ಮಾಡಿ ಹೋಗಬೇಕು." ಆ ಪದ ನಿಯಮಾವಳಿಯ ಬೇರೆ ಕಡೆಗಳಲ್ಲೂ ಇತ್ತು. 'ಪ್ರೊಬೇಷನ್ ಅವಧಿಯಲ್ಲಿ' ಎಂದಿದ್ದದ್ದನ್ನು 'ಪ್ರೊಬೇಷನ್ ಮುಗಿಯುವ ತನಕ' ಎಂದು ಮಾಡಿದೆವು. ಕನ್ನಡಕ್ಕೆ ಇದರಿಂದ ನಷ್ಟ ಏನೂ ಆಗಲಿಲ್ಲ. ಓದುವುದು ಇನ್ನೂ ಸುಲಭ ಆಯಿತು.

ಇಲ್ಲಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಗಡಿನಾಡಿನ ಕಾಗದಗಳಿಗೆ ಇಬ್ಬರನ್ನು ಆರಿಸುವಾಗ, ಒಬ್ಬರು ಭಾಷೆ ಗಟ್ಟಿ ಇರುವವರು, ಇನ್ನೊಬ್ಬರು ಓದುಗರ ಹಾಗೆಯೇ ಬೆಳೆದವರು ಇರಬೇಕು. ಇಬ್ಬರೂ ಮಾಸ್ಟ್ರ ಹಾಗೆಯೇ ಇದ್ದಿದ್ದರೆ ಆ ಸಾಲು ಗೋಡೆಯ ಮೇಲೆ ಹಾಗೇ ಉಳಿಯುತ್ತಿತ್ತು.

ಎಲ್ಲರೂ ಸರಿ ಎಂದ ಸಾಲು

ಈಗ ಹಿಮ್ಮುಖ ಅನುವಾದದ ಕೈಗೆ ಸಿಗದ ಭಾಗ. ಕಾಯಿಲೆ ರಜೆಗೆ ಡಾಕ್ಟರ ಸರ್ಟಿಫಿಕೇಟ್ ಕೊಡುವ ಬಗ್ಗೆ ಕನ್ನಡದಲ್ಲಿ ಹೀಗಿತ್ತು: "ಗೈರುಹಾಜರಾದ ಏಳು ದಿನಗಳೊಳಗೆ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಬೇಕು. ತಪ್ಪಿದಲ್ಲಿ ಆ ದಿನಗಳನ್ನು ಸಂಬಳವಿಲ್ಲದ ರಜೆ ಎಂದು ಪರಿಗಣಿಸಲಾಗುವುದು."

ಇಬ್ಬರೂ ಒಂದೇ ರೀತಿ ಹಿಂದಕ್ಕೆ ತಿರುಗಿಸಿದ್ದರು. ಎರಡೂ ಮೂಲಕ್ಕೆ ತಾಳೆ. ಪ್ರಶ್ನೆ ಗುರುತು ಇಲ್ಲ. ಪಟ್ಟಿಯ ಪ್ರಕಾರ ಈ ಸಾಲಿಗೆ ಏನೂ ಆಗಬೇಕಾಗಿರಲಿಲ್ಲ.

ತಾಳೆ ಆದ ಸಾಲುಗಳಲ್ಲಿ ದುಡ್ಡು ಅಥವಾ ದಿನದ ಲೆಕ್ಕ ಇರುವುದನ್ನು ಮಾತ್ರ ಆರಿಸಿ, ಕೆಲಸದವರ ಹತ್ತಿರವೇ ಓದಿಸಿ ನೋಡುವುದು ನನ್ನ ಮುಂದಿನ ಹೆಜ್ಜೆ ಆಗಿತ್ತು. ಅರ್ಥ ಆಯ್ತಾ ಎಂದು ಕೇಳಿದರೆ ಪ್ರಯೋಜನ ಇಲ್ಲ. ಎಲ್ಲರೂ ಆಯ್ತು ಎನ್ನುತ್ತಾರೆ. ಒಂದು ಸನ್ನಿವೇಶ ಕೊಟ್ಟು, ಉತ್ತರವಾಗಿ ಒಂದು ತಾರೀಕನ್ನೋ ಒಂದು ಮೊತ್ತವನ್ನೋ ಕೇಳಬೇಕು. ಆಗ ಇಬ್ಬರ ಉತ್ತರ ಬೇರೆಯಾದರೆ ತಕ್ಷಣ ಗೊತ್ತಾಗುತ್ತದೆ.

ಊಟದ ವಿರಾಮದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ ಪ್ರಶ್ನೆ ಇದು. ಒಬ್ಬರಿಗೆ 3ನೇ ತಾರೀಕು ಸೋಮವಾರ ಜ್ವರ ಬಂತು. 12ನೇ ತಾರೀಕು ಬುಧವಾರದ ತನಕ ಬರಲಿಲ್ಲ. 13ಕ್ಕೆ ಗುರುವಾರ ಕೆಲಸಕ್ಕೆ ಬಂದರು. ಸರ್ಟಿಫಿಕೇಟ್ ಕೊಡಲು ಕೊನೆಯ ದಿನ ಯಾವುದು?

ಕೆಲವರು 9 ಅಥವಾ 10 ಎಂದರು. ಗೈರುಹಾಜರಾದದ್ದು 3ಕ್ಕೆ, ಅಲ್ಲಿಂದ ಏಳು ದಿನ. ಕೆಲವರು 19 ಎಂದರು. ಗೈರುಹಾಜರಿ ಮುಗಿದದ್ದು 12ಕ್ಕೆ, ಅಲ್ಲಿಂದ ಏಳು. ಇನ್ನು ಕೆಲವರು 20 ಎಂದರು, ವಾಪಸ್ ಬಂದ ದಿನದಿಂದ ಎಣಿಸಿ. ಹಿರಿಯ ಹೆಂಗಸೊಬ್ಬರು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಚುರುಕಾಗಿತ್ತು: "9ಕ್ಕೆ ನಾನು ಜ್ವರದಲ್ಲಿ ಮಲಗಿರುವಾಗ ಕಾಗದ ತಂದು ಕೊಡುವುದು ಯಾರು?"

ವ್ಯವಸ್ಥಾಪಕರ ಹತ್ತಿರ ಕೇಳಿದಾಗ ಅವರು ಮೊದಲ ದಿನದಿಂದ ಎಣಿಸುತ್ತಿದ್ದರು. ಹಾಗೆಯೇ ಸಂಬಳ ಕಡಿತವೂ ಆಗಿತ್ತು. ಎರ್ನಾಕುಳಂಗೆ ಬರೆದು ಕೇಳಿದೆವು. ಅವರ ಉದ್ದೇಶ ಬೇರೆಯೇ ಇತ್ತು. ಕೆಲಸಕ್ಕೆ ಮರಳಿದ ಮೇಲೆ ಏಳು ದಿನ ಎಂಬುದು ಅವರು ಮನಸ್ಸಿನಲ್ಲಿಟ್ಟು ಬರೆದದ್ದು. ಅಂದರೆ ನಿಯಮ ಬರೆದವರಿಗೂ ಅದನ್ನು ಜಾರಿ ಮಾಡುವವರಿಗೂ ಅರ್ಥ ಒಂದೇ ಆಗಿರಲಿಲ್ಲ. ಕನ್ನಡದ ಪ್ರಶ್ನೆಯೇ ಅಲ್ಲ ಇದು. ಇಂಗ್ಲಿಷ್ ಸಾಲಿನಲ್ಲೇ ಎಲ್ಲಿಂದ ಏಳು ದಿನ ಎಂದು ಇರಲಿಲ್ಲ. ಕನ್ನಡದ 'ಗೈರುಹಾಜರಾದ' ಎಂಬ ರೂಪವೂ ಅಷ್ಟೇ ಸಡಿಲ. ಶುರುವಾದದ್ದು ಎಂದೂ ಓದಬಹುದು, ಮುಗಿದದ್ದು ಎಂದೂ ಓದಬಹುದು. ಹಾಗಾಗಿ ಸಡಿಲು ಆ ಕಡೆಯಿಂದ ಈ ಕಡೆಗೆ ಬಂತು, ಈ ಕಡೆಯಿಂದ ಆ ಕಡೆಗೆ ಹೋಯಿತು, ಎಲ್ಲಿಯೂ ತಡೆ ಆಗಲಿಲ್ಲ. ತಕ್ಕಡಿಯ ಎರಡು ತಟ್ಟೆಯಲ್ಲೂ ಅದೇ ಸುಳ್ಳು ಬಟ್ಟು ಹಾಕಿ ತೂಗಿದರೆ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದಲ್ಲ, ಹಾಗೆ.

ಇಂಥ ಕಡೆ ಕನ್ನಡವನ್ನು ಮಾತ್ರ ತಿದ್ದಿದರೆ ಕೆಡುತ್ತದೆ. ಕನ್ನಡದಲ್ಲಿ ಮರಳಿದ ಮೇಲೆ ಎಂದು ಸ್ಪಷ್ಟ ಮಾಡಿ ಇಂಗ್ಲಿಷನ್ನು ಹಾಗೇ ಬಿಟ್ಟರೆ, ಇಂಗ್ಲಿಷೇ ಅಂತಿಮ ಎಂಬ ಸಾಲು ಬಂದು ಮತ್ತೆ ಹಳೆಯ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಮೂಲವನ್ನೂ ತಿದ್ದುವ ಸ್ವಾತಂತ್ರ್ಯ ಇರಬೇಕು ಎಂಬ ಮಾತನ್ನು ಮಾನವಶಾಸ್ತ್ರಜ್ಞ ವೆರ್ನರ್ ಮತ್ತು ಮನಶ್ಶಾಸ್ತ್ರಜ್ಞ ಕ್ಯಾಂಪ್‌ಬೆಲ್ 1970ರಲ್ಲೇ ಹೇಳಿದ್ದಾರೆ. ಮೂಲ ಎಂದರೆ ಮುಟ್ಟಬಾರದ್ದು ಎಂದುಕೊಳ್ಳದೆ, ಎರಡು ಪಾಠಗಳನ್ನೂ ಒಟ್ಟಿಗೆ ತಿದ್ದುತ್ತಾ ಹೋಗುವುದು ಅವರ ದಾರಿ. ಕಂಪೆನಿಯಲ್ಲಿ ಇದು ಕಷ್ಟ, ಯಾಕೆಂದರೆ ಇಂಗ್ಲಿಷ್ ಪಾಠಕ್ಕೆ ಆಗಲೇ ಮೇಲಿನವರ ಸಹಿ ಬಿದ್ದಿರುತ್ತದೆ. ಅನುವಾದದ ತಪಾಸಣೆ ಸಹಿಗಿಂತ ಮೊದಲೇ ಆಗಬೇಕು ಎಂದು ನಾನು ಹೇಳುವುದು ಇದಕ್ಕೇ.

ಇಲ್ಲಿ ಅದೃಷ್ಟಕ್ಕೆ ಮುಖ್ಯ ಕಚೇರಿ ಒಪ್ಪಿತು. ಇಂಗ್ಲಿಷ್ ಸಾಲು ಬದಲಾಯಿತು. ಕನ್ನಡದಲ್ಲಿ ಹೀಗೆ ಬಂತು: "ಕೆಲಸಕ್ಕೆ ಮರಳಿ ಬಂದ ದಿನವನ್ನು ಬಿಟ್ಟು, ಅದರ ನಂತರದ ಏಳು ದಿನದೊಳಗೆ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಉದಾಹರಣೆ: 13ಕ್ಕೆ ಮರಳಿ ಬಂದರೆ, ಕೊನೆಯ ದಿನ 20." ಉದಾಹರಣೆಯನ್ನು ಎರಡೂ ಕಾಲಂನಲ್ಲಿ ಹಾಕಿಸಿದೆವು. ಸಂಖ್ಯೆ ಇರುವ ಒಂದು ಉದಾಹರಣೆ ಇದ್ದರೆ ಅನುವಾದಕರಿಗೆ ತಪ್ಪುವ ಜಾಗವೇ ಕಡಿಮೆ ಆಗುತ್ತದೆ. ತಪ್ಪಿದರೂ ಲೆಕ್ಕ ತಾಳೆ ಆಗದೆ ಹೊರಗೆ ಕಾಣುತ್ತದೆ.

ಎರಡನೇ ಸುತ್ತು

ತಿದ್ದಿದ ಸಾಲುಗಳನ್ನು ಮತ್ತೆ ಹಿಂದಕ್ಕೆ ತಿರುಗಿಸಬೇಕು. ತಿದ್ದುವಾಗಲೂ ತಪ್ಪು ನುಸುಳುತ್ತದೆ. ಆದರೆ ಮಾಸ್ಟ್ರಿಗೆ, ಬ್ಯಾಂಕಿನವರಿಗೆ ಈಗ ಮತ್ತೆ ಕೊಡುವ ಹಾಗಿಲ್ಲ. ಪಟ್ಟಿ ಮಾಡಿದ ಮೇಲೆ ಅನುಮಾನ ಇದ್ದ ಸಾಲುಗಳ ಬಗ್ಗೆ ಅವರ ಹತ್ತಿರ ಮಾತಾಡಿದ್ದೆವು. ಮೂಲದಲ್ಲಿ ಏನಿದೆ ಎಂದು ಅವರಿಗೆ ಗೊತ್ತಾಗಿತ್ತು. ಎಚ್‌ಆರ್ ಯುವಕರಿಗೆ ಆದದ್ದೇ ಇವರಿಗೂ ಆಗುತ್ತಿತ್ತು. ಹೊಸಬರೊಬ್ಬರನ್ನು ಹುಡುಕಿ, ತಿದ್ದಿದ ಸಾಲು ಮತ್ತು ಅದರ ಹಿಂದೆ ಮುಂದೆ ಇರುವ ಸಾಲುಗಳನ್ನು ಮಾತ್ರ ಕೊಟ್ಟೆವು. ಒಂದೇ ಒಂದು ಸಾಲು ಕೊಟ್ಟರೆ ಸಂದರ್ಭ ಇಲ್ಲದೆ ಸುಮ್ಮನೆ ಪ್ರಶ್ನೆ ಗುರುತುಗಳು ಬರುತ್ತವೆ.

ಈ ಸುತ್ತಿನಲ್ಲಿ ಸಿಕ್ಕಿದ್ದು ಒಂದೇ. 'ಮರಳಿ ಬಂದ ದಿನವನ್ನು ಬಿಟ್ಟು' ಎಂಬುದನ್ನು ಅವರು, ಆ ದಿನ ಕೊಡಲು ಅನುಮತಿ ಇಲ್ಲ ಎಂದೂ ಓದಬಹುದು ಎಂದು ಬರೆದಿದ್ದರು. 'ಲೆಕ್ಕಕ್ಕೆ ಹಿಡಿಯದೆ' ಎಂದು ಬದಲಾಯಿಸಿದೆವು. ಸನ್ನಿವೇಶದ ಪ್ರಶ್ನೆಯನ್ನು ಮತ್ತೆ ಪ್ಯಾಕಿಂಗ್ ವಿಭಾಗದಲ್ಲಿ ಕೇಳಿದಾಗ ಎಲ್ಲರೂ 20 ಎಂದರು. ಉದಾಹರಣೆಯಲ್ಲಿದ್ದ ತಾರೀಕು ನೋಡಿ ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಬೇರೆ ತಾರೀಕು ಕೊಟ್ಟೂ ಕೇಳಿದೆವು. ಆಗಲೂ ಉತ್ತರ ಒಂದೇ ಬಂತು.

ಇಂಗ್ಲಿಷೇ ಅಂತಿಮ ಎಂಬ ಸಾಲನ್ನು ತೆಗೆಯಬೇಕು ಎಂದು ವರದಿಯಲ್ಲಿ ಬರೆದಿದ್ದೆ. ಕೆಲಸದವರು ಓದಬಲ್ಲ ಪಾಠದ ಮೇಲೆಯೇ ಅವರ ಸಂಬಳದ ಲೆಕ್ಕ ನಿಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಖ್ಯ ಕಚೇರಿ ಅದನ್ನು ಒಪ್ಪಲಿಲ್ಲ. ಹಲವು ಜಿಲ್ಲೆಗಳಲ್ಲಿ ಘಟಕ ಇರುವಾಗ ಒಂದು ಪಾಠ ಅಂತಿಮ ಇರಲೇಬೇಕು ಎಂಬುದು ಅವರ ವಾದ. ಅದರ ಬದಲು ಒಂದು ಸಾಲು ಸೇರಿಸಿದರು. ಅನುವಾದದ ತಪ್ಪಿನಿಂದ ಆದ ಕಡಿತ ಎಂದು ಗೊತ್ತಾದರೆ ಆ ಹಣವನ್ನು ವಾಪಸ್ ಕೊಡಲಾಗುವುದು ಎಂದು. ಮದುವೆಗೆ ರಜೆ ಹಾಕಿದವರಿಗೆ ನಾಲ್ಕನೇ ದಿನದ ಸಂಬಳ ಮುಂದಿನ ತಿಂಗಳು ಬಂತು. ಸರ್ಟಿಫಿಕೇಟ್ ತಡ ಆಯಿತು ಎಂದು ಹಿಂದೆ ಕಡಿತ ಆದವರ ಪಟ್ಟಿಯನ್ನು ವ್ಯವಸ್ಥಾಪಕರು ತೆಗೆಸಿದ್ದಾರೆ. ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಮಲಯಾಳ ಪ್ರತಿಯನ್ನು ತರಿಸಿ ನೋಡಿದಾಗ, ಆ ಏಳು ದಿನದ ಸಾಲು ಅಲ್ಲಿಯೂ ಎಲ್ಲಿಂದ ಎಂದು ಹೇಳದೆ ಹಾಗೇ ನಿಂತಿತ್ತು. ಅದಕ್ಕೂ ಇಬ್ಬರನ್ನು ಹುಡುಕಿದ್ದಾರೆ. ಈ ಸಲ ಒಬ್ಬರು ಮನೆಯಲ್ಲಿ ತುಳು ಮಾತಾಡುವವರು.